ಎಫ್‌ಡಿ ಮೇಲೆ ಕ್ರೆಡಿಟ್ ಕಾರ್ಡ್: ಸ್ಕೋರ್ ಏರೋದು ಠೇವಣಿಯಿಂದಲ್ಲ

ನಮ್ಮ ಅತ್ತೆಯ ಮಗ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ. ಸಿಬಿಲ್ ಸ್ಕೋರೇ ಇಲ್ಲ ಅಂತ ತಿರಸ್ಕಾರ ಆಯ್ತು. "ಒಂದು ರೂಪಾಯಿ ಸಾಲ ಇಲ್ಲ, ಅದೇ ತಪ್ಪಾ ಅಣ್ಣ?" ಅಂತ ಕೇಳಿದ. ತಪ್ಪಲ್ಲ. ಆದರೆ ಸಾಲ ತಗೊಂಡು ತೀರಿಸಿದ ದಾಖಲೆಯೇ ಇಲ್ಲದವನನ್ನು ಬ್ಯಾಂಕು ಅಳೆಯೋದು ಹೇಗೆ?

ಅವನಿಗೆ ಎಫ್‌ಡಿ ಮೇಲಿನ ಕಾರ್ಡ್ ತಗೋ ಅಂದೆ. 25,000 ರೂಪಾಯಿ ಠೇವಣಿ ಇಟ್ಟ, 20,000 ಲಿಮಿಟ್ ಸಿಕ್ತು. ಎಫ್‌ಡಿಗೆ ಬಡ್ಡಿ ಬರ್ತಾನೇ ಇರುತ್ತೆ, ಆದರೆ ಕಾರ್ಡ್ ಇರೋವರೆಗೂ ಬ್ಯಾಂಕು ಅದರ ಮೇಲೆ ಲಿಯೆನ್ ಹಾಕಿರುತ್ತೆ, ಮುರಿಸೋಕಾಗಲ್ಲ. ಐದು ವರ್ಷದ ತೆರಿಗೆ ಉಳಿತಾಯದ ಎಫ್‌ಡಿ ಇದಕ್ಕೆ ನಡೆಯಲ್ಲ, ಅದನ್ನು ಅಡ ಇಡೋ ಹಾಗಿಲ್ಲ.

ಇಲ್ಲಿ ತುಂಬಾ ಜನ ಎಡವ್ತಾರೆ. "ನನ್ನ ದುಡ್ಡು ಬ್ಯಾಂಕಲ್ಲೇ ಇದೆಯಲ್ಲ, ಎರಡು ದಿನ ಆಚೀಚೆ ಆದ್ರೇನು" ಅನ್ನೋ ಧೈರ್ಯ. ಆ ಠೇವಣಿ ಬ್ಯಾಂಕಿಗೆ ರಕ್ಷಣೆ, ನಿಮ್ಮ ಸ್ಕೋರಿಗಲ್ಲ. ಬಾಕಿ ಉಳಿಸಿಕೊಂಡರೆ ಬ್ಯಾಂಕು ಎಫ್‌ಡಿಯಿಂದ ವಸೂಲಿ ಮಾಡ್ಕೊಳ್ಳುತ್ತೆ, ತಡ ಆಗಿದ್ದು ಮಾತ್ರ ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ ಹಾಗೇ ಕೂತಿರುತ್ತೆ.

ಇನ್ನೊಂದು, ಬಿಲ್ ಜನರೇಟ್ ಆಗೋ ದಿನ. ಇವನು 17,000ದ ಫೋನ್ ತಗೊಂಡು, ಬಿಲ್ ಬಂದ ಮೇಲೆ ಪೂರ್ತಿ ಕಟ್ಟಿಬಿಟ್ಟ. ಒಂದು ಪೈಸೆ ಬಡ್ಡಿ ಬೀಳಲಿಲ್ಲ. ಆದರೂ ಸಾಮಾನ್ಯವಾಗಿ ಸ್ಕೋರ್ ಲೆಕ್ಕ ಹಾಕೋ ಸಿಬಿಲ್ ಥರದ ಕ್ರೆಡಿಟ್ ಬ್ಯೂರೋಗೆ ಹೋಗೋದು ಬಿಲ್ಲಿನಲ್ಲಿ ತೋರಿಸಿದ ಬಾಕಿ. ಅಂದರೆ ಲಿಮಿಟ್ಟಿನ ಶೇಕಡಾ 85 ಬಳಕೆ, ಸ್ಕೋರಿಗೆ ಒಳ್ಳೇದಲ್ಲ. ಬಿಲ್ ಆಗೋ ಮೂರ್ನಾಲ್ಕು ದಿನ ಮೊದಲೇ 13,000 ಕಟ್ಟಿದ್ದರೆ ಬಿಲ್ಲಲ್ಲಿ ಉಳಿಯೋದು 4,000, ಶೇಕಡಾ 20. ಸಣ್ಣ ಲಿಮಿಟ್ಟಿನ ಕಾರ್ಡಲ್ಲಿ ಇದು ಬೇಗ ಕೈ ಮೀರುತ್ತೆ. ಹಾಗಾಗಿ ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್, ಒಂದಿಷ್ಟು ದಿನಸಿ, ಅಷ್ಟೇ ಸಾಕು ಅಂತೀನಿ.

ಮಿನಿಮಮ್ ಡ್ಯೂ ಕಡೆ ತಿರುಗಿಯೂ ನೋಡಬೇಡಿ. 10,000 ಬಿಲ್ಲಿಗೆ 500 ಕಟ್ಟಿ ಸುಮ್ಮನಾದರೆ ದಾಖಲೆಯೇನೋ ಕೆಡಲ್ಲ. ಆದರೆ ತಿಂಗಳಿಗೆ ಶೇಕಡಾ 3.5 ಬಡ್ಡಿ ಅಂದ್ಕೊಂಡರೂ ಉಳಿದ 9,500ಕ್ಕೆ 330ರ ಮೇಲೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಹೋಗುತ್ತೆ. ಶೇಕಡಾ 7ರ ಲೆಕ್ಕದಲ್ಲಿ ಆ 25,000 ಎಫ್‌ಡಿ ತಿಂಗಳಿಗೆ ದುಡಿಯೋದು ಹೆಚ್ಚುಕಮ್ಮಿ 145 ರೂಪಾಯಿ! ಎಟಿಎಮ್ಮಲ್ಲಿ ಈ ಕಾರ್ಡ್ ಹಾಕಿ ನಗದು ತೆಗೆದರಂತೂ ಅವತ್ತಿನಿಂದಲೇ ಬಡ್ಡಿ ಶುರು.

ಆರು ತಿಂಗಳ ಹೊತ್ತಿಗೆ ಸ್ಕೋರ್ ಕಾಣಿಸಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಲೇಬೇಕು. ತೆಗೆದು ನೋಡಿ. ನಿಮ್ಮ ಕಾರ್ಡ್ ಅದರಲ್ಲಿ ಇಲ್ಲದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಇದ್ದು, ಎಲ್ಲಾ ಕಂತೂ ಸರಿಯಿದ್ದರೆ ಮಾಮೂಲಿ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬರೋವರೆಗೂ ಮಾತ್ರ ಎಫ್‌ಡಿ ಮುರಿಸೋಕೆ ಹೋಗಬೇಡಿ, ಅದರ ಜೊತೆ ಈ ಕಾರ್ಡೂ ಮುಚ್ಚುತ್ತೆ.