ಯಾವ ಜಿಲ್ಲೆಗೆ ರಜೆ ಅಂತ ಹೆಡ್ಡಿಂಗಲ್ಲೇ ಹೇಳಿ

ಮಳೆಗಾಲ ಬಂದರೆ ಸಾಕು, ಫೋನಿನ ತುಂಬ ಇದೇ ಹೆಡ್ಡಿಂಗ್: "ಭಾರೀ ಮಳೆ, ನಾಳೆ ಈ ಜಿಲ್ಲೆಯ ಶಾಲೆಗಳಿಗೆ ರಜೆ! ನಿಮ್ಮ ಜಿಲ್ಲೆಯೂ ಇದೆಯಾ?" ಒತ್ತಿದರೆ ಮೊದಲ ಪ್ಯಾರಾದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ. ಆಮೇಲೆ ಮಕ್ಕಳ ಸುರಕ್ಷತೆಯ ಮಾತು. ನಡುನಡುವೆ ಜಾಹೀರಾತು. ಕೆಳಗೆಲ್ಲೋ ಉತ್ತರ ಸಿಗುತ್ತದೆ: ಕೊಡಗು. ಓದಿದವರು ಬಳ್ಳಾರಿಯಲ್ಲಿರುತ್ತಾರೆ.

"ಕೊಡಗಿನ ಶಾಲೆಗಳಿಗೆ ನಾಳೆ ರಜೆ" ಅಂತ ಬರೆದಿದ್ದರೆ ಹೆಡ್ಡಿಂಗ್ ಇನ್ನೂ ಚಿಕ್ಕದಾಗುತ್ತಿತ್ತು. ಅಂದರೆ ಜಾಗ ಸಾಲದೆ ಬಿಟ್ಟಿದ್ದಲ್ಲ, ಬೇಕಂತಲೇ ಮುಚ್ಚಿಟ್ಟಿದ್ದು. ನನಗೆ ಸಿಟ್ಟು ಬರುವುದೇ ಇಲ್ಲಿ.

ಪ್ರಶ್ನೆಯಿಂದ ಬರಹ ಶುರು ಮಾಡುವುದಕ್ಕೆ ನನ್ನ ತಕರಾರಿಲ್ಲ. ಗೊತ್ತಿರುವುದಕ್ಕೂ ತಿಳಿಯಬೇಕು ಅನ್ನಿಸಿದ್ದಕ್ಕೂ ನಡುವೆ ಅಂತರ ಕಂಡಾಗ ಕುತೂಹಲ ಹುಟ್ಟುತ್ತದೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲೇ ಬರೆದಿದ್ದರು. ಹಾಗಾಗಿ ಒಳ್ಳೆಯ ಪ್ರಶ್ನೆ ಮೊದಲು ಏನಾದರೂ ಕೊಡುತ್ತದೆ, ಆಮೇಲೆ ಕೇಳುತ್ತದೆ. "ಕೆಆರ್‌ಎಸ್ 124.80 ಅಡಿ ತುಂಬಿದರೂ ನಾಲೆಯ ಕೊನೆ ಭಾಗಕ್ಕೆ ನೀರು ಯಾಕೆ ತಲುಪುತ್ತಿಲ್ಲ?" ಇದನ್ನು ನೋಡಿ. ಡ್ಯಾಂ ತುಂಬಿದೆ ಅನ್ನುವುದು ಹೆಡ್ಡಿಂಗಲ್ಲೇ ಗೊತ್ತಾಯಿತು. ಉಳಿದದ್ದಕ್ಕೆ ಒಂದು ಪದದ ಉತ್ತರವಿಲ್ಲ. ನಾಲೆಯ ಹೂಳು, ಮೇಲ್ಭಾಗದವರು ಎತ್ತಿಕೊಳ್ಳುವ ನೀರು, ಸರದಿ ಪ್ರಕಾರ ಬಿಡುವ ಲೆಕ್ಕ, ಎಲ್ಲವನ್ನೂ ಬಿಡಿಸಿ ಹೇಳಬೇಕು. ಮಳವಳ್ಳಿ ಕಡೆಯ ರೈತರು ಕೇಳುವ ಪ್ರಶ್ನೆಯೂ ಇದೇ ಅಲ್ವಾ? ಅದೇ "ಕೆಆರ್‌ಎಸ್ ಇಂದಿನ ನೀರಿನ ಮಟ್ಟ ಎಷ್ಟು ಗೊತ್ತಾ?" ಅಂದರೆ ಒಂದು ಅಂಕಿಗಾಗಿ ಓದುಗರನ್ನು ಸುಮ್ನೆ ಅಲೆಸಿದ ಹಾಗೆ.

ಉತ್ತರ ಪ್ರಶ್ನೆಯ ಜಾಗದಲ್ಲೇ ಹಿಡಿಯುತ್ತದೆ ಅಂದರೆ ಆ ಪ್ರಶ್ನೆ ಬೇಡ. ನಾನು ನೋಡುವುದು ಇಷ್ಟೇ. ಫೇಸ್‌ಬುಕ್ಕೂ 2014ರಲ್ಲಿ ಹೆಚ್ಚುಕಡಿಮೆ ಇದನ್ನೇ ಅಳೆಯಲು ಹೊರಟಿತ್ತು: ಲಿಂಕ್ ಒತ್ತಿದವರು ಅಲ್ಲಿ ಓದುತ್ತಾ ನಿಲ್ಲುತ್ತಾರಾ, ತಕ್ಷಣ ವಾಪಸ್ ಬರುತ್ತಾರಾ? ಆದರೆ ಉತ್ತರವನ್ನು ಕೆಳಗೆ ಹೂತಿಟ್ಟರೆ ಹುಡುಕುವುದಕ್ಕೇ ಹೊತ್ತು ಹಿಡಿಯುತ್ತದೆ. ಅದೂ ಓದಿದ ಲೆಕ್ಕಕ್ಕೇ ಸೇರುತ್ತದೆ.

ಇದಕ್ಕಿಂತ ಕೆಟ್ಟದ್ದು ಭಯ ಹುಟ್ಟಿಸುವ ಪ್ರಶ್ನೆ. "ನಿಮ್ಮ ರೇಷನ್ ಕಾರ್ಡ್ ರದ್ದಾಗಿದೆಯಾ?" ಅಂತ ಕೇಳಿದರೆ, ಆ ಅಕ್ಕಿಯನ್ನೇ ನಂಬಿದವರು ಒತ್ತದೆ ಇರುವುದು ಹೇಗೆ? ಅದನ್ನು ಕುತೂಹಲ ಅನ್ನಲಾರೆ, ಅದು ಆತಂಕ. ಯಾರ ಕಾರ್ಡ್, ಯಾವ ಕಾರಣಕ್ಕೆ ರದ್ದಾಗುತ್ತದೆ ಅಂತ ಮೊದಲ ಸಾಲಲ್ಲೇ ಹೇಳಿದರೆ ಉಳಿದವರು ನೆಮ್ಮದಿಯಾಗಿ ಮುಂದೆ ಹೋಗುತ್ತಾರೆ. ಹಾಗೆ ಹೋಗಬಾರದು ಅಂತಲೇ ಬರೆಯುವವರ ಲೆಕ್ಕ.

ಡೆಸ್ಕಿನಲ್ಲಿರುವ ಗೆಳೆಯರೇ, ರಜೆ ಸುದ್ದಿಯಲ್ಲಿ ಜಿಲ್ಲೆ ಅಥವಾ ತಾಲೂಕಿನ ಹೆಸರು ಹೆಡ್ಡಿಂಗಲ್ಲೇ ಇರಲಿ. ಅಂಗನವಾಡಿಗೂ ರಜೆಯಾ, ಪಿಯುಸಿವರೆಗಾ, ಡಿಸಿ ಆದೇಶ ಬಂದಿದೆಯಾ ಅನ್ನುವುದು ಮೊದಲ ಸಾಲಲ್ಲಿ ಬರಲಿ. ಮಳೆ ಎಷ್ಟು ಬಿತ್ತು ಅನ್ನುವುದನ್ನು ಆಮೇಲೆ ಬರೆಯಿರಿ.