ನೂರಕ್ಕೆ ಮೂರು

ನನ್ನ ಹಳೆಯ ಸ್ಕೂಟರಿನ ಎಂಜಿನ್ ಬಿಚ್ಚಿಸಬೇಕಾಗಿ ಬಂದಾಗ, ನಮ್ಮ ಬೀದಿಯ ತುದಿಯಲ್ಲಿರುವ ಕಿರಾಣಿ ಅಂಗಡಿಯ ಯಜಮಾನರ ಬಳಿ ಹತ್ತು ಸಾವಿರ ರೂಪಾಯಿ ಕೈಸಾಲ ಪಡೆದೆ. "ಬಡ್ಡಿ ನೂರಕ್ಕೆ ಮೂರು, ಕಟ್ಟದಿದ್ದರೆ ಅಸಲಿಗೆ ಸೇರುತ್ತದೆ" ಎಂದು ಅವರು ಹೇಳಿದರು. ಬ್ಯಾಂಕಿನಲ್ಲಿ ಠೇವಣಿಗೆ ಇದಕ್ಕಿಂತ ಹೆಚ್ಚು ಬಡ್ಡಿ ಕೊಡುತ್ತಾರಲ್ಲ ಎಂದುಕೊಂಡು, ಈ ಪುಣ್ಯಾತ್ಮರಿಗೆ ವ್ಯವಹಾರಜ್ಞಾನ ಸಾಲದೆಂದು ಒಳಗೊಳಗೇ ಮರುಗಿದೆ. ವರ್ಷಕ್ಕೆ ಮುನ್ನೂರು ರೂಪಾಯಿ ಕೊಡಲು ಅವಸರವೇನಿದೆ?

ಎರಡು ವರ್ಷ ಕಳೆಯಿತು. ಅಂಗಡಿಗೆ ಹೋದಾಗಲೆಲ್ಲ ಯಜಮಾನರು ನನ್ನ ಆರೋಗ್ಯ, ಮದುವೆ, ಸ್ಕೂಟರಿನ ಮೈಲೇಜು ಎಲ್ಲವನ್ನೂ ವಿಚಾರಿಸುತ್ತಿದ್ದರೇ ಹೊರತು ಸಾಲದ ಸುದ್ದಿ ಎತ್ತಲಿಲ್ಲ. ಅದನ್ನು ನಾನು ಅವರ ಸಂಕೋಚ ಸ್ವಭಾವವೆಂದು ಭಾವಿಸಿದ್ದೆ. ಕೊನೆಗೆ ಒಂದು ಸಂಜೆ 10,600 ರೂಪಾಯಿಯನ್ನು ಲಕೋಟೆಯಲ್ಲಿಟ್ಟುಕೊಂಡು ಸಾಲ ತೀರಿಸಿದವನ ಗತ್ತಿನಲ್ಲೇ ಅಂಗಡಿಯ ಮೆಟ್ಟಿಲು ಹತ್ತಿದೆ.

ಅವರು ಅಕ್ಕಿ ಮೂಟೆಯ ಮೇಲೆ ಖಾತೆ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ, ನನ್ನ ಹೆಸರಿನ ಪುಟ ತಿರುವಿದರು. ಬಾಕಿ 20,328 ರೂಪಾಯಿ ಎಂದಿತ್ತು.

"ನೂರಕ್ಕೆ ಮೂರು ಅಂದಿರಲ್ಲ, ಯಜಮಾನರೇ?"

"ಹೌದು ತಮ್ಮಾ, ತಿಂಗಳಿಗೆ. ಕೈಸಾಲಕ್ಕೆ ವರ್ಷದ ಲೆಕ್ಕ ಯಾರು ಹಿಡೀತಾರೆ?"

ಅಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಹಾಗೆಂದರೂ ಎರಡು ವರ್ಷಕ್ಕೆ 7,200 ರೂಪಾಯಿ ಬಡ್ಡಿಯಾಗಿ, ಒಟ್ಟು 17,200 ಆಗಬೇಕಲ್ಲವೇ ಎಂದು ವಾದಿಸಿದೆ. ಅವರು ಸಿಟ್ಟಾಗಲಿಲ್ಲ, ಪೆನ್ಸಿಲಿನ ಹಿಂಬದಿಯಿಂದ ಸಾಲುಗಳನ್ನು ಒಂದೊಂದಾಗಿ ತೋರಿಸಿದರು. ಮೊದಲ ತಿಂಗಳ ಬಡ್ಡಿ 300 ರೂಪಾಯಿ. ನಾನು ಕಟ್ಟದ ಕಾರಣ ಅಸಲು 10,300 ಆಗಿ, ಎರಡನೆಯ ತಿಂಗಳಿಗೆ ಬಡ್ಡಿ 309 ಆಗಿತ್ತು. ಒಂಬತ್ತು ರೂಪಾಯಿ ಏನು ಮಹಾ ಎನ್ನಿಸಿತು. ಆದರೆ ಆ ಒಂಬತ್ತು ಪ್ರತಿ ತಿಂಗಳೂ ಸಂಸಾರ ಬೆಳೆಸಿಕೊಂಡು, ವರ್ಷದ ಕೊನೆಗೆ ಬಾಕಿಯನ್ನು 14,258ಕ್ಕೆ ಏರಿಸಿ, ಇಪ್ಪತ್ನಾಲ್ಕನೆಯ ತಿಂಗಳ ಬಡ್ಡಿಯನ್ನೇ 592 ರೂಪಾಯಿಗೆ ಮುಟ್ಟಿಸಿತ್ತು. ನನ್ನ ವಾದಕ್ಕೂ ಅವರ ಪುಸ್ತಕಕ್ಕೂ ನಡುವೆ ಇದ್ದ 3,128 ರೂಪಾಯಿ ಪೂರಾ ಬಡ್ಡಿಗೆ ಹುಟ್ಟಿದ ಬಡ್ಡಿ. ಬಡ್ಡಿಯನ್ನಾದರೂ ತಿಂಗಳು ತಿಂಗಳು ಮುನ್ನೂರರಂತೆ ಕಟ್ಟಿದ್ದರೆ ಈ ಸಂತಾನ ಹುಟ್ಟುತ್ತಲೇ ಇರಲಿಲ್ಲ. ಯಜಮಾನರ ಸಂಕೋಚದ ಅರ್ಥವೂ ಆಗ ಹೊಳೆಯಿತು: ಹಾಲು ಕೊಡುವ ಎಮ್ಮೆಯನ್ನು ಯಾರಾದರೂ ಸಂತೆಗೆ ಹೋಗು ಎಂದು ಜ್ಞಾಪಿಸುತ್ತಾರೆಯೇ?

ಲಕೋಟೆಯನ್ನು ಅವರ ಕೈಗಿಟ್ಟೆ. ಎರಡು ಸಲ ಎಣಿಸಿ, ಬೆರಳಿಗೆ ಎಂಜಲು ಹಚ್ಚಿ ಮೂರನೆಯ ಸಲವೂ ಎಣಿಸಿ, 20,328ರಲ್ಲಿ ಕಳೆದು ಹೊಸ ಸಾಲು ಬರೆದರು: ಬಾಕಿ 9,728. ಪಡೆದದ್ದಕ್ಕಿಂತ ಹೆಚ್ಚು ಹಣ ಕೊಟ್ಟ ಮೇಲೂ ನನ್ನ ಸಾಲ ಮೊದಲಿನ ಹತ್ತು ಸಾವಿರಕ್ಕಿಂತ ಇಳಿದದ್ದು ಬರೀ 272 ರೂಪಾಯಿ.

"ಮುಂದಿನ ತಿಂಗಳ ಬಡ್ಡಿ 292 ತಮ್ಮಾ" ಎನ್ನುತ್ತ ಅವರು ಸಹಿಗೆ ಪುಸ್ತಕವನ್ನು ನನ್ನತ್ತ ತಿರುಗಿಸಿದರು. "ಸ್ಕೂಟರ್ ಈಗ ಹೇಗಿದೆ?"

ಅದನ್ನು ಹೋದ ವರ್ಷವೇ ಗುಜರಿಗೆ ಹಾಕಿದ್ದೆ.