ತೇರನ್ನು ಏಪ್ರಿಲ್‌ಗೆ ಮುಂದೂಡಬಹುದೇ?

ಮಾರ್ಚ್ 27ರಿಂದ 31ರವರೆಗೆ ಐದು ದಿನ ರಜೆ ಬೇಕೆಂದು ಎರಡು ಸಾಲಿನ ಅರ್ಜಿ ಹಾಕಿದೆ. ತಿಪಟೂರಿನ ಕಡೆಯ ನಮ್ಮೂರಿನಲ್ಲಿ 28ಕ್ಕೆ ತೇರು, ಈ ಸಲ ಅನ್ನದಾನದ ಸರದಿ ನಮ್ಮ ಮನೆಯದು. ಪೀಣ್ಯದ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೂತವನು ಮಾರ್ಚ್ ಕೊನೆಗೆ ರಜೆ ಕೇಳುವುದೆಂದರೆ, ಮದುವೆ ಮನೆಯ ಅಡುಗೆಭಟ್ಟರು ಧಾರೆಯ ಹೊತ್ತಿಗೆ ಸಿನಿಮಾ ನೋಡಿ ಬರುತ್ತೇನೆ ಎಂದಂತೆ. ಅದು ನನಗೂ ಗೊತ್ತಿತ್ತು. ‘ಆಗುವುದಿಲ್ಲ’ ಎಂಬ ಒಂದು ಮಾತಿಗೆ ಸಿದ್ಧನಾಗಿದ್ದೆ. ಬಂದದ್ದು ಒಂದೂವರೆ ಪುಟ.

ಅದರಲ್ಲಿ ಎಲ್ಲಿ ಹುಡುಕಿದರೂ ‘ಇಲ್ಲ’ ಸಿಗಲಿಲ್ಲ. ಮೊದಲ ಪ್ಯಾರಾದಲ್ಲಿ ಸಂಸ್ಥೆಯು ನನ್ನ ಕೌಟುಂಬಿಕ ಹಾಗೂ ಧಾರ್ಮಿಕ ಬದ್ಧತೆಗಳನ್ನು ಹೃತ್ಪೂರ್ವಕವಾಗಿ ಗೌರವಿಸಿತ್ತು. ಎರಡನೆಯದು ‘ಆದಾಗ್ಯೂ’ ಎಂದು ಶುರುವಾಗಿತ್ತು. ಈ ಪದವನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ. ‘ಊಟಕ್ಕೆ ಮುದ್ದೆ ಇದೆ, ಆದಾಗ್ಯೂ ಸಾರಿಲ್ಲ’ ಎಂದು ಯಾವ ತಾಯಿಯೂ ಹೇಳಿದ್ದಿಲ್ಲ. ಕಚೇರಿಯ ಕಾಗದದಲ್ಲಿ ಅದು ಕಂಡ ಕ್ಷಣ ಚೀಲದಿಂದ ಬಟ್ಟೆ ತೆಗೆದು ಬೀರುವಿನಲ್ಲಿ ಇಟ್ಟುಬಿಡಬಹುದು.

ಕೊನೆಗೆ ಪರ್ಯಾಯಗಳು. ಒಂದು, ‘ಸದರಿ ಕಾರ್ಯಕ್ರಮವನ್ನು ಏಪ್ರಿಲ್ ಎರಡನೇ ವಾರಕ್ಕೆ ಹೊಂದಿಸಿಕೊಳ್ಳುವ ಸಾಧ್ಯತೆಯನ್ನು ಸಂಬಂಧಪಟ್ಟವರೊಂದಿಗೆ ಚರ್ಚಿಸಬಹುದು’. ಇಲ್ಲಿ ಸಂಬಂಧಪಟ್ಟವರು ಎಂದರೆ ದೇವರು. ಇನ್ನೊಂದು, ಲ್ಯಾಪ್‌ಟಾಪ್ ಜೊತೆಗಿಟ್ಟುಕೊಂಡು ‘ಕಾರ್ಯಕ್ರಮದ ಬಿಡುವಿನಲ್ಲಿ’ ಕೆಲಸ ಮಾಡುವುದು. ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ. ಅಲ್ಲಿ ಕೂತು ನಾನು ಬಿಲ್ ನಮೂದಿಸುತ್ತಿದ್ದರೆ, ಕೆಳಗೆ ಎಲೆ ಹಾಕಿಕೊಂಡು ಕೂತವರಿಗೆ ಪಾಯಸ ಬಡಿಸುವವರು ಯಾರು?

ಇಷ್ಟು ಸುತ್ತಿ ಬಳಸುವುದೇಕೆಂದು ಪಕ್ಕದ ಮೇಜಿನ ಹಿರಿಯರನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತ ವಿವರಿಸಿದರು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಒಂದು ಮಾತಿತ್ತು: ಕಾರ್ಮಿಕ ನಿಯಮದಂತೆ ಅರ್ಜಿ ಹಾಕಿ, ಸಂಬಳಸಹಿತ ರಜೆ ನಿರಾಕರಣೆಯಾದರೆ, ಆ ರಜೆಯನ್ನು ಮಿತಿಯಿಲ್ಲದೆ ಮುಂದಿನ ವರ್ಷಕ್ಕೆ ಒಯ್ಯಬಹುದು. ನಮ್ಮಂಥ ಲೆಕ್ಕ ಬರೆಯುವವರಿಗೆ ಅದು ಎಷ್ಟು ಅನ್ವಯಿಸುತ್ತದೋ, ಅದರ ಭಯವಂತೂ ಮೇಲಿನವರಿಗೆ ಪೂರ್ತಿ ಅನ್ವಯಿಸುತ್ತದೆ. ‘ಇಲ್ಲ’ ಎಂದು ಬರೆದುಕೊಟ್ಟರೆ ಅದು ದಾಖಲೆ. ‘ಆದಾಗ್ಯೂ’ ಎಂದರೆ ಬರೀ ಸಾಹಿತ್ಯ.

ನಾನು ಆ ಸಾಹಿತ್ಯವನ್ನು ಮಡಚಿಕೊಂಡು ಮ್ಯಾನೇಜರರ ಕೋಣೆಗೆ ಹೋದೆ. ಮನುಷ್ಯ ಕೆಟ್ಟವರಲ್ಲ, ಕಾಗದ ಮಾತ್ರ ಕೆಟ್ಟದ್ದು. ‘ಸರ್, ಆಗುತ್ತದೋ ಇಲ್ಲವೋ?’ ಎಂದೆ. ಅವರು ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ, ‘ಐದು ದಿನ ಆಗುವುದಿಲ್ಲಪ್ಪ’ ಎಂದರು. ಎಷ್ಟು ಹಿತವಾಗಿತ್ತು ಆ ಮಾತು!

ಆಮೇಲೆ ಅವರು ಒಂದೂವರೆ ಪುಟದಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಕೇಳಿದರು: ‘ಈ ಐದರಲ್ಲಿ ನೀನು ಅಲ್ಲಿ ಇರಲೇಬೇಕಾದ ದಿನ ಯಾವುದು?’ ತೇರಿನ ದಿನ, ಅದರ ಹಿಂದಿನ ದಿನ ಎಂದೆ. ‘ನೀನು ಇಲ್ಲಿ ಇರಲೇಬೇಕಾದ ದಿನ?’ ಅದನ್ನೂ ನಾನೇ ಹೇಳಬೇಕಾಯಿತು. ಗೋದಾಮಿನ ದಾಸ್ತಾನು ಎಣಿಕೆ 31ರ ಸಂಜೆ, ಎಣಿಕೆ ಹಾಳೆಗೆ ನನ್ನ ರುಜು ಬೇಕು. ಬ್ಯಾಂಕ್ ಶಿಲ್ಕನ್ನು ನಮ್ಮ ಪುಸ್ತಕದೊಂದಿಗೆ ತಾಳೆ ನೋಡಲು 30ರಿಂದಲೇ ಕೂರಬೇಕು, ಕೊಟ್ಟ ಚೆಕ್ಕುಗಳಲ್ಲಿ ಯಾವುದು ಇನ್ನೂ ನಗದಾಗಿಲ್ಲ ಎಂಬುದು ನನಗಷ್ಟೇ ಗೊತ್ತು. 27, 28ರಂದು ಇರುವುದು ಸರಬರಾಜುದಾರರ ಬಿಲ್ ನಮೂದಿಸುವ ಕೆಲಸ. ಬಾಕಿ ಬಿಲ್‌ಗಳ ಪಟ್ಟಿ ಕೈಯಲ್ಲಿದ್ದರೆ ಪಕ್ಕದ ಮೇಜಿನ ಹಿರಿಯರೂ ಮಾಡಬಲ್ಲರು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಪೆನ್ಸಿಲಿನಲ್ಲಿ ಬರೆದರು: ‘26ಕ್ಕೆ ಬಾಕಿ ಪಟ್ಟಿ ಒಪ್ಪಿಸಿ ಮೂರು ಗಂಟೆಗೆ ಹೊರಡುವುದು. 27, 28 ರಜೆ. 29ರ ಬೆಳಿಗ್ಗೆ ಹಾಜರ್. ಉಳಿದ ಮೂರು ದಿನ ಏಪ್ರಿಲ್ 6ರ ನಂತರ, ಈಗಲೇ ಮಂಜೂರು.’ ನಾಲ್ಕೇ ಸಾಲು. ತೇರು, ಎಣಿಕೆ, ನನ್ನ ಉಳಿದ ರಜೆ, ಎಲ್ಲವೂ ಅದರಲ್ಲಿ ಹಿಡಿಸಿದವು.

‘ಇದನ್ನೇ ಮೊದಲು ಬರೆಯಬಹುದಿತ್ತಲ್ಲ ಸರ್?’

‘ಮೇಲಿನಿಂದ ಬಂದ ಮಾದರಿ ಪತ್ರದಲ್ಲಿ ತಾರೀಖಿಗೆ ಜಾಗ ಇಲ್ಲ’ ಎಂದರು.

ಊರಿಗೆ ಹೋದೆ. ಬಡಿಸಿದೆ, ತೇರು ಎಳೆದೆ, ಅಂಗೈ ಸುಲಿದುಕೊಂಡು 29ಕ್ಕೆ ಮರಳಿ ಎಣಿಕೆಗೂ ಒದಗಿದೆ. ಏಪ್ರಿಲ್ 1ರ ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು. ಮಾರ್ಚ್ 27ರಿಂದ 31ರವರೆಗಿನ ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯಂತೆ. ತಾಳ್ಮೆಗೆ ಸಂಸ್ಥೆಯು ಆಭಾರಿಯಾಗಿದೆಯಂತೆ.